ಒಂದೇ ಬಕೆಟ್, ಎರಡು ಬಣ್ಣ

ಗದಗಿನ ಕುಂಬಾರಜ್ಜ ಗ್ಯಾಸ್ ಭಟ್ಟಿ ತೆರೆದವನು ಹಾಗೇ ನಿಂತುಬಿಟ್ಟ. ಹೋದ ವಾರದ ಬಟ್ಟಲುಗಳು ಎಳೆ ಹುಲ್ಲಿನ ಹಸಿರು. ಈ ಸಲ ದಾಸವಾಳದ ಕೆಂಪು! ಅದೇ ಬಕೆಟ್ಟಿನ ಗ್ಲೇಜು, ಸುಟ್ಟಾಗ ಬಟ್ಟಲಿನ ಮೇಲೆ ಗಾಜಾಗಿ ಕೂರುವ ಲೇಪ. ಅದೇ ತಾಮ್ರದ ಆಕ್ಸೈಡು, ನೂರಕ್ಕೆ ಒಂದೇ ಪಾಲು.

"ಅಜ್ಜಾ, ಹೊಗೆಕಿಂಡಿಗೆ ಇಟ್ಟಂಗಿ ಬಿದ್ದೈತಿ ನೋಡು," ಎಂದಳು ಮೊಮ್ಮಗಳು.

ಅಜ್ಜನಿಗೆ ಥಟ್ಟನೆ ಹೊಳೆಯಿತು. ಬೆಂಕಿಗೂ ಉಸಿರು ಬೇಕಲ್ವಾ? ಗಾಳಿ ಸಾಲದ ಬೆಂಕಿ, ತಾಮ್ರದ ಆಕ್ಸೈಡಿನಿಂದಲೇ ಆಮ್ಲಜನಕ ಕಿತ್ತುಕೊಂಡಿದೆ. ಉಳಿದ ತಾಮ್ರ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಜಿನೊಳಗೆ ಕೆಂಪು ಚೆಲ್ಲಿದೆ.

ಮುಂದಿನ ವಾರ ತಾಮ್ರದ ಬದಲು ಕಬ್ಬಿಣದ ಆಕ್ಸೈಡು ಸ್ವಲ್ಪವೇ ಬೆರೆಸಿ ಸುಟ್ಟ. ಗಾಳಿ ಬಿಟ್ಟಾಗ ಜೇನಿನ ಬಣ್ಣ, ಕಟ್ಟಿದಾಗ ತಿಳಿ ಹಸಿರು. ಕೋಬಾಲ್ಟ್ ಮಾತ್ರ ಎರಡು ಸಲವೂ ನೀಲಿಯೇ.

"ನಾಳೆ ಇಟ್ಟಂಗಿ ಅರ್ಧ ಸರಿಸೋಣೇನು?" ಮೊಮ್ಮಗಳು ಕೇಳಿದಳು. ಅಜ್ಜ ಆಗಲೇ ಮಣ್ಣು ತುಳಿಯುತ್ತಿದ್ದ.