ಅಧ್ಯಾಯ 4: ರಜೆ (ತಿದ್ದಿದ ನಿಯಮ, 2026ರ ಜನವರಿ 1ರಿಂದ)

ಹಳೇ ಕೈಪಿಡಿಯಲ್ಲಿ 'ಸಾಕಷ್ಟು ಮುಂಚೆ ತಿಳಿಸಬೇಕು', 'ಸಾಮಾನ್ಯವಾಗಿ ಮಂಜೂರಾಗುತ್ತದೆ' ಎಂದಿತ್ತು. ಸಾಕಷ್ಟು ಅಂದರೆ ಎಷ್ಟು ಅಂತ ಒಬ್ಬೊಬ್ಬ ಸೂಪರ್‌ವೈಸರ್ ಒಂದೊಂದು ಹೇಳುತ್ತಿದ್ದರು. ಪಗಾರ ಕಟ್ ಆದಮೇಲೆ ಜಗಳ. ಆ ಎರಡೂ ಸಾಲು ತೆಗೆದಿದ್ದೇವೆ. ಉದ್ಯಮಬಾಗದ ನಮ್ಮ ಎರಡೂ ಶೆಡ್‌ಗಳಿಗೆ, ಆಫೀಸಿಗೆ ಇನ್ನು ಇದೊಂದೇ ನಿಯಮ.

4.1 ಯಾರಿಗೆ

ನಮ್ಮ ಮಸ್ಟರ್‌ನಲ್ಲಿ ಹೆಸರಿರುವ ಎಲ್ಲರಿಗೂ, ಪರ್ಮನೆಂಟ್ ಇರಲಿ, ಅವಧಿ ಕರಾರಿನವರಿರಲಿ. ಗುತ್ತಿಗೆದಾರರ ಮೂಲಕ ಬಂದವರ ರಜೆಯನ್ನು ಗುತ್ತಿಗೆದಾರರೇ ನೋಡುತ್ತಾರೆ. ನಮ್ಮ ಸೂಪರ್‌ವೈಸರ್ ಅದಕ್ಕೆ ಸಹಿ ಮಾಡುವಂತಿಲ್ಲ.

4.2 ಇಎಲ್ (ಗಳಿಕೆ ರಜೆ)

ಜನವರಿಯಿಂದ ಡಿಸೆಂಬರ್ ಒಳಗೆ 180 ದಿನ ಕೆಲಸ ಮಾಡಿದವರಿಗೆ, ಮಾಡಿದ ಪ್ರತಿ 20 ದಿನಕ್ಕೆ 1 ಇಎಲ್. ಇದನ್ನು ಮುಂದಿನ ವರ್ಷ ಬಳಸಬಹುದು. 1948ರ ಕಾರ್ಖಾನೆ ಕಾಯ್ದೆಯಂತೆ ನಾವು ಮೊದಲು 240 ದಿನ ಇಟ್ಟಿದ್ದೆವು, ಈಗ ಇಳಿಸಿದ್ದೇವೆ. ವರ್ಷದ ನಡುವೆ ಸೇರಿದವರು ಉಳಿದ ದಿನಗಳಲ್ಲಿ ಕಾಲು ಭಾಗ ಕೆಲಸ ಮಾಡಿದ್ದರೆ ಸಾಕು. ಜುಲೈ 1ಕ್ಕೆ ಸೇರಿದವರಿಗೆ ಉಳಿಯುವುದು 184 ದಿನ, ಹಾಗಾಗಿ 46 ದಿನದ ಹಾಜರಿ ಬೇಕು.

ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಂದು ಪೂರ್ತಿ ದಿನ, ಕಡಿಮೆ ಬಂದರೆ ಬಿಟ್ಟುಬಿಡುತ್ತೇವೆ. ಮೋಲ್ಡಿಂಗ್‌ನವರೊಬ್ಬರು 247 ದಿನ ಬಂದಿದ್ದರೆ 12.35, ಅಂದರೆ 12 ಇಎಲ್. ಇನ್ನೂ ಮೂರು ದಿನ ಬಂದಿದ್ದರೆ 12.5, ಆಗ 13.

ಲೇಆಫ್ ದಿನ, ಹೆರಿಗೆ ರಜೆ, ಹಿಂದಿನ ವರ್ಷದ ಇಎಲ್ ತೆಗೆದುಕೊಂಡ ದಿನ, ಇವು ಮೂರೂ 180ರ ಲೆಕ್ಕಕ್ಕೆ ಸೇರುತ್ತವೆ. ಆದರೆ 20ಕ್ಕೆ 1ರ ಲೆಕ್ಕಕ್ಕೆ ಸೇರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ, ಇನ್ನೊಮ್ಮೆ ಓದಿ.

ಉಳಿದ ಇಎಲ್ 30ರವರೆಗೆ ಮುಂದಕ್ಕೆ ಹೋಗುತ್ತದೆ. ಅದಕ್ಕೂ ಮೇಲಿನದಕ್ಕೆ ಜನವರಿ ಪಗಾರದ ಜೊತೆ ಹಣ. ನೀವು ಕೇಳಿಯೂ ನಾವು ಕೊಡದ ಇಎಲ್‌ಗೆ ಈ 30ರ ಮಿತಿ ಇಲ್ಲ, ಅದು ನಿಮ್ಮ ಖಾತೆಯಲ್ಲೇ ಇರುತ್ತದೆ.

4.3 ಸಿಎಲ್ ಮತ್ತು ಕಾಯಿಲೆ ರಜೆ

ವರ್ಷಕ್ಕೆ 8 ಸಿಎಲ್, ಮೂರು ತಿಂಗಳಿಗೆ ಎರಡರಂತೆ ಖಾತೆಗೆ ಬರುತ್ತವೆ. ಒಮ್ಮೆಗೆ 3ಕ್ಕಿಂತ ಜಾಸ್ತಿ ಇಲ್ಲ. ಡಿಸೆಂಬರ್ 31ಕ್ಕೆ ಉಳಿದದ್ದು ಹೋಯಿತು.

ಇಎಸ್‌ಐ ಇರುವವರು ಕಾಯಿಲೆ ಬಿದ್ದರೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ತರಬೇಕು, ಹಣ ಅಲ್ಲಿಂದಲೇ ಬರುತ್ತದೆ. ಮೊದಲ ಎರಡು ದಿನಕ್ಕೆ ಇಎಸ್‌ಐ ಕೊಡದಿದ್ದರೆ ಆ ಎರಡು ದಿನದ ಪಗಾರ ಕಂಪನಿಯದು. ಇಎಸ್‌ಐ ಇಲ್ಲದವರಿಗೆ ವರ್ಷಕ್ಕೆ 7 ದಿನ. ಎರಡು ದಿನದವರೆಗೆ ಚೀಟಿ ಬೇಡ, ಮೂರನೇ ದಿನದಿಂದ ಬೇಕು.

ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ, ಪಗಾರ ಸಹಿತ. ಯಾವ ಚೀಟಿಯೂ ಬೇಡ, ಯಾರೂ ಕಾರಣ ಕೇಳುವಂತಿಲ್ಲ. ಹೆರಿಗೆ ರಜೆ 26 ವಾರ, ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ.

4.4 ಮಂಜೂರಿ

ಹಳದಿ ಫಾರ್ಮ್ ತುಂಬಿ ನಿಮ್ಮ ಪಾಳಿಯ ಸೂಪರ್‌ವೈಸರ್‌ಗೆ ಕೊಡಿ. ಅವರು ತಾರೀಕು, ವೇಳೆ ಬರೆದು ಕೆಳಗಿನ ತುಂಡು ಹರಿದು ವಾಪಸ್ ಕೊಡಬೇಕು. ಆ ತುಂಡು ಜೋಪಾನ, ಅದೇ ನಿಮ್ಮ ಪುರಾವೆ. ಇಎಲ್‌ಗೆ 15 ದಿನ ಮುಂಚೆ, ಸಿಎಲ್‌ಗೆ ಹಿಂದಿನ ದಿನದ ಪಾಳಿ ಮುಗಿಯುವುದರೊಳಗೆ.

3 ದಿನದವರೆಗೆ ಸೂಪರ್‌ವೈಸರ್, ಅದಕ್ಕೂ ಮೇಲೆ ಪ್ಲಾಂಟ್ ಮ್ಯಾನೇಜರ್ ನಿರ್ಧರಿಸುತ್ತಾರೆ. ಸೂಪರ್‌ವೈಸರ್ ಸ್ವತಃ ರಜೆಯಲ್ಲಿದ್ದರೆ ಮುಂದಿನ ಪಾಳಿಯವರು. ಇಎಲ್ ಫಾರ್ಮ್‌ಗೆ ಎರಡು ಕೆಲಸದ ದಿನದೊಳಗೆ, ಸಿಎಲ್ ಫಾರ್ಮ್‌ಗೆ ಅದೇ ಪಾಳಿಯಲ್ಲಿ ಉತ್ತರ ಬರಬೇಕು. ಬರದಿದ್ದರೆ ರಜೆ ಮಂಜೂರಾದಂತೆ. ಇಲ್ಲ ಅನ್ನುವುದಾದರೆ ಕಾರಣ ಬರೆಯಬೇಕು, ಬೇರೆ ತಾರೀಕನ್ನೂ ಕೊಡಬೇಕು. 'ಕೆಲಸ ಜಾಸ್ತಿ ಇದೆ' ಅಂತ ಸುಮ್ನೆ ಬರೆದರೆ ಅದು ಕಾರಣವಲ್ಲ. ಯಾವ ಆರ್ಡರ್, ಎಷ್ಟು ಜನ ಕಮ್ಮಿ ಅಂತ ಬರೆಯಬೇಕು. ಇನ್ನು, ಚಹಾ ಕುಡಿಯುವಾಗ ಸೂಪರ್‌ವೈಸರ್ 'ಹೂಂ' ಅಂದದ್ದು ಮಂಜೂರಿ ಅಲ್ಲ.

ರಜೆಯ ನಡುವೆ ಬರುವ ವಾರದ ಸೂಟಿ, ಹಬ್ಬದ ಸೂಟಿ ಲೆಕ್ಕಕ್ಕೆ ಬರುವುದಿಲ್ಲ.

4.5 ವಿನಾಯಿತಿ

ಸಾವು: ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅತ್ತೆ ಮಾವ, ಅಜ್ಜ ಅಜ್ಜಿ ತೀರಿದರೆ ಪಗಾರ ಸಹಿತ 3 ದಿನ. ಕಾಕಾ, ಸೋದರಮಾವ, ಅವರ ಮನೆಯವರಾದರೆ 1 ದಿನ. ಮಂಜೂರಿ ಕಾಯಬೇಡಿ, ಹೊರಡಿ. ಅದೇ ದಿನ ಫೋನ್ ಮಾಡಿಸಿದರೆ ಸಾಕು. ಬಂದ ಎರಡು ದಿನದೊಳಗೆ ಫಾರ್ಮ್ ಕೊಡಿ.

ದಿಢೀರ್ ಕಾಯಿಲೆ, ಅಪಘಾತಕ್ಕೂ ಹೀಗೆಯೇ. ಮೊದಲೇ ತಿಳಿಸಬೇಕೆಂಬ ನಿಯಮ ಇಲ್ಲಿ ಇಲ್ಲ.

ಫರ್ನೇಸ್: ಆರು ಜನರ ತಂಡದಲ್ಲಿ ಒಂದೇ ದಿನ ಇಬ್ಬರಿಗಿಂತ ಹೆಚ್ಚು ಜನರಿಗೆ ಇಎಲ್, ಸಿಎಲ್ ಇಲ್ಲ. ಮೊದಲು ಫಾರ್ಮ್ ಕೊಟ್ಟವರಿಗೆ ಮೊದಲು. ಸವದತ್ತಿ ಯಲ್ಲಮ್ಮನ ಜಾತ್ರೆಗೆ, ಗಣಪತಿ ವಿಸರ್ಜನೆಗೆ ಮಾತ್ರ ಈ ಕ್ರಮ ಬೇರೆ. 30 ದಿನ ಮುಂಚಿನಿಂದ 15 ದಿನ ಮುಂಚಿನವರೆಗೆ ಬಂದ ಫಾರ್ಮ್‌ಗಳನ್ನೆಲ್ಲ ಒಟ್ಟಿಗೆ ನೋಡುತ್ತೇವೆ. ಎರಡು ಕೆಲಸದ ದಿನದ ಲೆಕ್ಕ ಆಮೇಲೆ ಶುರು. ಹೋದ ವರ್ಷ ಸಿಗದವರಿಗೆ ಮೊದಲು, ಸರಿಸಮ ಬಂದರೆ ತಂಡದ ಎದುರೇ ಚೀಟಿ ಎತ್ತುತ್ತೇವೆ. ವಿಸರ್ಜನೆ ಮರುದಿನದವರೆಗೂ ನಡೆಯುತ್ತದೆ, ಆದ್ದರಿಂದ ಮರುದಿನ ಬೆಳಗಿನ ಪಾಳಿಗೂ ಬೇಕಿದ್ದರೆ ಫಾರ್ಮ್‌ನಲ್ಲಿ ಎರಡೂ ದಿನ ಬರೆಯಿರಿ.

ಮತದಾನ: ಗಡಿಯಾಚೆ ಮಹಾರಾಷ್ಟ್ರದಲ್ಲಿ ಮತ ಇರುವವರಿಗೆ ಅಲ್ಲಿನ ಮತದಾನದ ದಿನ ಪಗಾರ ಸಹಿತ ಸೂಟಿ. ಬೆರಳಿನ ಶಾಯಿ ತೋರಿಸಿದರೆ ಆಯಿತು.

ಇಲ್ಲಿ ಬರೆಯದ ವಿನಾಯಿತಿಯನ್ನು ಕೊಡುವ ಅಧಿಕಾರ ಪ್ಲಾಂಟ್ ಮ್ಯಾನೇಜರ್‌ಗೆ ಮಾತ್ರ, ಅದೂ ಬರಹದಲ್ಲಿ. ನಿರ್ಧಾರ ಒಪ್ಪದಿದ್ದರೆ 7 ದಿನದೊಳಗೆ ಪಗಾರ ವಿಭಾಗಕ್ಕೆ ಅರ್ಜಿ ಕೊಡಿ. ಅರ್ಜಿ ಇತ್ಯರ್ಥ ಆಗುವವರೆಗೆ ಆ ದಿನದ ಪಗಾರ ಕಟ್ ಮಾಡುವುದಿಲ್ಲ.