ಉದ್ದ ಕಾಲು ಪ್ಲಸ್ಸೇ

ಸೋಮವಾರ ಬೆಳಿಗ್ಗೆ ಲ್ಯಾಬಲ್ಲಿ ತೋರಿಸ್ಬೇಕಿತ್ತು. ದೊಡ್ಡ ಪ್ರಾಜೆಕ್ಟೇನಲ್ಲ, 555 ಟೈಮರ್ ಐಸಿ ಇಟ್ಟು ಸೆಕೆಂಡಿಗೊಂದು ಸಲ ಎಲ್‌ಇಡಿ ಮಿಟುಕೋ ಹಾಗೆ ಮಾಡೋದು, ಅಷ್ಟೇ. ಪ್ರಜ್ವಲ್ ಇದನ್ನ ಭಾನುವಾರ ರಾತ್ರಿ ಊಟ ಆದ್ಮೇಲೆ ಶುರು ಮಾಡಿದ. ಹುಬ್ಬಳ್ಳಿ ಹಾಸ್ಟೆಲಲ್ಲಿ ಭಾನುವಾರ ಮಧ್ಯಾಹ್ನ ಹೋಳಿಗೆ ಊಟ ಹಾಕಿದ್ರೆ ಸಂಜೆ ತನಕ ಯಾರೂ ಏಳಲ್ಲ, ಅದ್ರಲ್ಲಿ ಅವನೊಬ್ಬನ ತಪ್ಪೇನಿಲ್ಲ ಬಿಡಿ.

ಬ್ರೆಡ್‌ಬೋರ್ಡ್ ಇತ್ತು, ಜಂಪರ್ ವೈರ್ ಇತ್ತು, ಹೊಸ 9 ವೋಲ್ಟ್ ಬ್ಯಾಟರಿ ಇತ್ತು. ಬ್ಯಾಟರಿ ತಲೆಗೆ ಹಾಕೋ ಕ್ಲಿಪ್ ಒಂದೇ ಇರಲಿಲ್ಲ. ಹತ್ತು ರೂಪಾಯಿ ಸಾಮಾನು, ಆದ್ರೆ ಆ ಹೊತ್ತಲ್ಲಿ ಕೊಪ್ಪಿಕರ್ ರೋಡಿಗೆ ಹೋಗಿ ಯಾರ ಅಂಗಡಿ ಬಾಗಿಲು ತಟ್ಟೋದು. ಪಕ್ಕದ ರೂಮಿನ ಸಂತೋಷಣ್ಣ ಸೀನಿಯರ್, ಅವನ ಹತ್ರ ಇದ್ದ ಮಲ್ಟಿಮೀಟರ್ ಬ್ಯಾಟರಿ ಸತ್ತು ತಿಂಗಳಾಗಿತ್ತು. "ಆ ಸತ್ತಿರೋ ಬ್ಯಾಟರಿ ಒಡಿ, ಮೇಲಿನ ಕ್ಯಾಪ್ ಕಿತ್ಕೋ, ಅದನ್ನೇ ಹೊಸದರ ತಲೆ ಮೇಲೆ ಒತ್ತು, ನಾವೆಲ್ಲ ಫಸ್ಟ್ ಇಯರಲ್ಲಿ ಹಂಗೇ ಮಾಡಿದ್ದು" ಅಂತ ಹೇಳಿ ಮೀಟರ್ ಸಮೇತ ಕೊಟ್ಟು ಮಲಗೋಕೆ ಹೋದ.

ಪ್ರಜ್ವಲ್ ಕಟಿಂಗ್ ಪ್ಲೇಯರಲ್ಲಿ ತಗಡಿನ ಅಂಚು ಬಿಚ್ಚಿದ, ಒಳಗೆ ಆರು ಸಣ್ಣ ಸೆಲ್ಲು, ಮೇಲೆ ಎರಡು ಗುಂಡಿ ಇರೋ ಪ್ಲೇಟು. ಪ್ಲೇಟನ್ನ ಜೋಪಾನವಾಗಿ ಬಿಡಿಸ್ಕೊಂಡ. ಸಣ್ಣ ಗುಂಡಿ ಪ್ಲಸ್, ಅಂಚು ಸೀಳಿರೋ ದೊಡ್ಡ ಗುಂಡಿ ಮೈನಸ್, ಇದು ಯಾರಿಗೆ ಗೊತ್ತಿಲ್ಲ. ಸೂಟ್‌ಕೇಸಲ್ಲಿ ಲುಂಗಿ ಒಳಗೆ ಸುತ್ತಿಟ್ಟಿದ್ದ ಸೋಲ್ಡರಿಂಗ್ ಐರನ್ ತೆಗೆದ (ರೂಮಲ್ಲಿ ಬಿಸಿ ಆಗೋ ಯಾವ ವಸ್ತುನೂ ಇಡಂಗಿಲ್ಲ ಅಂತ ವಾರ್ಡನ್ ನೋಟಿಸ್ ಬೋರ್ಡಲ್ಲೇ ಇದೆ), ಸಣ್ಣ ಗುಂಡಿಗೆ ಕೆಂಪು ವೈರು, ದೊಡ್ಡದಕ್ಕೆ ಕಪ್ಪು ವೈರು ಅಂಟಿಸಿದ. ಬೆಸುಗೆ ಚೆನ್ನಾಗೇ ಕೂತಿತ್ತು, ಹೊಳೀತಿತ್ತು. ಕ್ಯಾಪನ್ನ ಹೊಸ ಬ್ಯಾಟರಿ ಮೇಲೆ ಒತ್ತಿದಾಗ ಟಿಕ್ ಅಂತ ಕೂತ್ಕೊಳ್ತು.

ಐಸಿ ಹಾಕೋಕೆ ಮುಂಚೆ ಬರೀ ಎಲ್‌ಇಡಿ ಉರಿಸಿ ನೋಡೋಣ ಅಂತ ಕೆಂಪು ವೈರನ್ನ ಬೋರ್ಡಿನ ಕೆಂಪು ಗೆರೆಗೆ, ಕಪ್ಪನ್ನ ನೀಲಿ ಗೆರೆಗೆ ಸಿಕ್ಕಿಸಿ, ಕೆಂಪು ಗೆರೆಯಿಂದ 470 ಓಮ್ ರೆಸಿಸ್ಟರು, ಅದರ ಇನ್ನೊಂದು ತುದಿಗೆ ಕೆಂಪು ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಮೈನಸ್ಸಿಗೆ.

ಉರೀಲಿಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡೋದನ್ನೇ ಮಾಡಿದ, ಅಲ್ಲಾಡಿಸಿದ, ಒತ್ತಿದ, ಕಿತ್ತು ಪಕ್ಕದ ತೂತಿಗೆ ಹಾಕಿದ. ರೆಸಿಸ್ಟರ್ ಬಣ್ಣ ನೋಡಿದ, ಹಳದಿ ನೇರಳೆ ಕಂದು, 470ನೇ. 4.7 ಕೆ ಏನಾದ್ರೂ ಬಂದ್ಬಿಟ್ಟಿದ್ಯಾ ಅಂತ ಟಾರ್ಚ್ ಹಾಕಿ ಇನ್ನೊಂದ್ಸಲ ನೋಡಿದ, ಅಲ್ಲ, ಅದಾಗಿದ್ರೂ ಮಂದವಾಗಿ ಉರೀಬೇಕಿತ್ತು. ದೊಡ್ಡ ಬೋರ್ಡಲ್ಲಿ ಕೆಲವೊಂದ್ಸಲ ಉದ್ದದ ಗೆರೆ ಮಧ್ಯದಲ್ಲಿ ಕಟ್ ಆಗಿರುತ್ತೆ, ಈ ಕಡೆ ಕೊಟ್ಟ ಸಪ್ಲೈ ಆ ಕಡೆ ಹೋಗಲ್ಲ, ಅದಕ್ಕೆ ಎಲ್ಲಾನೂ ಒಂದೇ ಅರ್ಧಕ್ಕೆ ಎಳ್ಕೊಂಡು ಬಂದ. ಎಲ್‌ಇಡಿನ ಬೆಳಕಿಗೆ ಹಿಡಿದು ಒಳಗೆ ನೋಡಿದ, ಬಟ್ಟಲಿನಂಥ ದೊಡ್ಡ ತುಂಡು ಗಿಡ್ಡ ಕಾಲಿನ ಕಡೆನೇ ಇದೆ, ಅಂಚು ಚಪ್ಪಟೆ ಇರೋದೂ ಆ ಕಡೆನೇ. ಎಲ್ಲಾ ಕರೆಕ್ಟು. ಮೀಟರಲ್ಲಿ ವೋಲ್ಟೇಜ್ ನೋಡೋಣ ಅಂದ್ರೆ ಮೀಟರಿಗೂ 9 ವೋಲ್ಟ್ ಬ್ಯಾಟರಿನೇ ಬೇಕು, ಇರೋದು ಇದೊಂದೇ, ಇದನ್ನ ಮೀಟರ್ ಒಳಗೆ ಹಾಕಿದ್ರೆ ಹೊರಗೆ ಏನನ್ನ ಅಳೆಯೋದು?

ತಲೆ ಕೆಟ್ಟು ನೀರು ತುಂಬಿಸ್ಕೊಂಡು ಬರೋಕೆ ಬಾಟಲಿ ಹಿಡಿದು ಹೋದ. ವಾಪಸ್ ಬಂದ್ರೆ ಎಲ್‌ಇಡಿ ಕೆಂಪಗೆ ಉರೀತಾ ಇದೆ, ಪಕ್ಕದಲ್ಲಿ ರೂಮ್‌ಮೇಟ್ ಈರಣ್ಣ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಶೇಂಗಾ ತಿಂತಿದಾನೆ.

"ಏನ್ ಮಾಡ್ದೆ?"

"ಏನಿಲ್ಲೋ, ಆ ಲೈಟ್ ತಿರುವಿ ಹಾಕಿದೆ. ಹತ್ತಿತು ನೋಡು."

ಈರಣ್ಣ ಗದಗಿನ ಕಡೆಯವ್ನು, ಸಿವಿಲ್ ಬ್ರಾಂಚು. ಅವನಿಗೆ ಉದ್ದ ಕಾಲು ಗಿಡ್ಡ ಕಾಲು ಒಂದೂ ಗೊತ್ತಿಲ್ಲ, ಅದಕ್ಕೇ ತಿರುಗಿಸೋಕೆ ಕೈ ಬಂತು. ಪ್ರಜ್ವಲ್‌ಗೆ ಗೊತ್ತಿತ್ತು, ಅದಕ್ಕೇ ಅಷ್ಟೊತ್ತು ಎಲ್ಲಾ ಮುಟ್ಟಿದವ್ನು ಅದೊಂದನ್ನ ಮುಟ್ಟಿರಲಿಲ್ಲ.

"ಇದು ಹಿಂಗೆ ಉರೀಬಾರ್ದು ಕಣೋ. ಉದ್ದ ಕಾಲು ಮೈನಸ್ಸಲ್ಲಿದೆ."

"ಉರಿಯಾಕತ್ತೈತಲ್ಲ."

"ಪ್ಯಾಕೆಟ್ಟೇ ಉಲ್ಟಾ ಬಂದಿರ್ಬೇಕು" ಅಂತ ಪ್ರಜ್ವಲ್ ಇನ್ನೊಂದು ತೆಗೆದ, ಹಸಿರುದು. ಅದೂ ಅಷ್ಟೇ, ಉದ್ದ ಕಾಲು ಮೈನಸ್ ಕಡೆ ಇದ್ರೆ ಮಾತ್ರ ಉರೀತು. ಹಳದಿನೂ ಹಂಗೇ. ಹಾಗಾದ್ರೆ ಕಂಪನಿಯವ್ರು ಕಾಲು ಕತ್ತರಿಸೋವಾಗ್ಲೇ ಎಡವಟ್ಟು ಮಾಡಿದಾರೆ ಅಂತ ಅರ್ಧ ಸಮಾಧಾನ ಆಯ್ತು. ಅರ್ಧಾನೇ. ಯಾಕಂದ್ರೆ ಬರೀ ಕಾಲಲ್ಲ, ಒಳಗಿನ ಬಟ್ಟಲೂ ಚಪ್ಪಟೆ ಅಂಚೂ ಉಲ್ಟಾ ಇರ್ಬೇಕಾಗುತ್ತೆ, ಮೂರು ಬಣ್ಣದಲ್ಲೂ.

"ಹತ್ತಿತಿಲ್ಲೋ, ಮುಂದಿಂದು ಹಚ್ಚು, ಮಲಕೊಳೋಣು" ಅಂದ ಈರಣ್ಣ.

ಪ್ರಜ್ವಲ್ 555ನ ಕೈಗೆ ತಗೊಂಡು ಕಾಲುಗಳನ್ನ ಮೇಜಿಗೆ ಒತ್ತಿ ನೆಟ್ಟಗೆ ಮಾಡಿದ, ಬೋರ್ಡಿನ ನಡುವಿನ ಕಾಲುವೆ ಮೇಲೆ ಇಟ್ಟ, ಎಂಟನೇ ಪಿನ್ನಿಂದ ಕೆಂಪು ಗೆರೆಗೆ ವೈರ್ ಎಳೆಯೋಕೆ ಹೋದವ್ನು ಅಲ್ಲೇ ನಿಂತ. ಎಲ್‌ಇಡಿಗಳೇ ಉಲ್ಟಾ ಆಗಿದ್ರೆ ಪರವಾಗಿಲ್ಲ, ತಿರುಗಿಸಿ ಹಾಕಿದ್ರೆ ಆಯ್ತು. ಕರೆಂಟೇ ಉಲ್ಟಾ ಬರ್ತಿದ್ರೆ? ಎಲ್‌ಇಡಿ ಉಲ್ಟಾ ಸಪ್ಲೈಗೆ ಸುಮ್ನೆ ಆರಿ ಕೂತಿರುತ್ತೆ, ಡೇಟಾಶೀಟಲ್ಲಿ ರಿವರ್ಸ್‌ಗೆ 5 ವೋಲ್ಟೇ ಲಿಮಿಟ್ ಅಂತ ಇದ್ರೂ ಇವಷ್ಟೂ ಹೆಂಗೋ ಬದುಕಿದ್ವು. 555 ಹಂಗಲ್ಲ, ಬೆರಳಿಟ್ಟು ನೋಡೋಷ್ಟ್ರಲ್ಲಿ ಸುಡೋಕೆ ಶುರುವಾಗುತ್ತೆ, ಆಮೇಲೆ ಅದು ಐಸಿ ಅಲ್ಲ ಬರೀ ಎಂಟು ಕಾಲಿನ ಪ್ಲಾಸ್ಟಿಕ್ಕು. ಅವನ ಹತ್ರ ಇದ್ದಿದ್ದು ಒಂದೇ. ಪಕ್ಕದಲ್ಲಿ ಕಾಯ್ತಾ ಇದ್ದ 10 ಮೈಕ್ರೋಫ್ಯಾರಡ್ ಕೆಪಾಸಿಟರಿಗೂ ಪ್ಲಸ್ಸು ಮೈನಸ್ಸು ಇದೆ.

"ಈರಣ್ಣ, ನಿನ್ ಸ್ಟ್ರಿಪ್ ಲೈಟ್ ರಿಮೋಟ್ ಕೊಡೋ."

"ಯಾಕ?"

"ಸೆಲ್ ಬೇಕು."

ಈರಣ್ಣ ಮಂಚದ ಸುತ್ತ ಬಣ್ಣದ ಎಲ್‌ಇಡಿ ಪಟ್ಟಿ ಹಚ್ಚಿದಾನೆ, ಬರ್ತ್‌ಡೇ ಬಂದ್ರೆ ಇಡೀ ಫ್ಲೋರು ಅಲ್ಲೇ ಸೇರೋದು. ಅದರ ರಿಮೋಟಲ್ಲಿ CR2025 ಸೆಲ್ಲು, ಬಿಲ್ಲೆ ತರ, 3 ವೋಲ್ಟು, ಅಗಲದ ಮುಖದ ಮೇಲೆ ಪ್ಲಸ್ ಗುರುತು ಕೊರೆದಿರುತ್ತೆ. ಅದಕ್ಕೆ ವೈರೂ ಬೇಡ ಬೋರ್ಡೂ ಬೇಡ, ಅಷ್ಟು ಸಣ್ಣ ಸೆಲ್ ಹೆಚ್ಚು ಕರೆಂಟ್ ಕೊಡೋದೇ ಇಲ್ಲ, ಹಂಗಾಗಿ ಒಂದ್ಸಲ ನೋಡೋಕೆ ರೆಸಿಸ್ಟರೂ ಬೇಡ. ಎಲ್‌ಇಡಿಯ ಎರಡು ಕಾಲಿನ ಮಧ್ಯೆ ಬಿಲ್ಲೆ ತೂರಿಸಿ ಬೆರಳಲ್ಲಿ ಅಮುಕಿದ, ಉದ್ದ ಕಾಲು ಪ್ಲಸ್ ಮುಖಕ್ಕೆ.

ಕೆಂಪಗೆ ಉರೀತು. ತಿರುಗಿಸಿದ, ಆರಿತು. ಹಳದಿನೂ ಅಷ್ಟೇ.

"ಉದ್ದ ಕಾಲು ಪ್ಲಸ್ಸೇ" ಅಂದ ಪ್ರಜ್ವಲ್. "ಎಲ್‌ಇಡಿ ಸರಿ ಇದೆ. ಕೆಂಪು ವೈರಲ್ಲಿ ಬರ್ತಿರೋದೇ ಮೈನಸ್ಸು."

"ಬ್ಯಾಟರಿ ಉಲ್ಟಾ ಅಂತೀ?"

ಬ್ಯಾಟರಿ ಮೈ ಮೇಲೆ ಪ್ರಿಂಟ್ ಇದೆ, ಸಣ್ಣ ಗುಂಡಿ ಪಕ್ಕ ಪ್ಲಸ್. ಕ್ಯಾಪಲ್ಲೂ ಸಣ್ಣ ಗುಂಡಿಗೇ ಕೆಂಪು ವೈರ್ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಬೆರಳು ಇಟ್ಟು ತೋರಿಸಿದ, ಇದು ಪ್ಲಸ್, ಇದೂ ಪ್ಲಸ್, ಇನ್ನೆಲ್ಲಿ ತಪ್ಪು?

ಈರಣ್ಣ ಶೇಂಗಾ ಸಿಪ್ಪೆ ಕೊಡವಿ ಎರಡನ್ನೂ ಇಸ್ಕೊಂಡ, ಕ್ಯಾಪ್ ಒತ್ತಿದ, ಕಿತ್ತ, ಮತ್ತೆ ಒತ್ತಿದ. "ನಮ್ಮವ್ವ ಜಂಪರ್ ಹೊಲಿತಾಳ, ಗೊತ್ತಿಲ್ಲೇನು ನಿನಗ. ಟಿಚ್ ಬಟನ್ ಹಚ್ಚಾಕ ನನ್ನ ಕೂಡಿಸ್ತಿದ್ಲು. ಗಂಡು ಈ ಪದರಕ್ಕ, ಹೆಣ್ಣು ಆ ಪದರಕ್ಕ. ಎರಡೂ ಕಡೆ ಗಂಡು ಹಚ್ಚಿದ್ರ ಕೂಡಂಗಿಲ್ಲ." ಕ್ಯಾಪ್ ಎತ್ತಿ ಹಿಡಿದ. "ನಿನ್ನ ಈ ಸಣ್ಣ ಗುಂಡಿ ಕೆಳಗಿನ ಸಣ್ಣದರಾಗ ಹೆಂಗ್ ಕೂಡ್ತೈತಿ? ದೊಡ್ಡದರಾಗ ಹೋಗಿ ಕುಂತೈತಿ ನೋಡು."

ಪ್ರಜ್ವಲ್ ಇಸ್ಕೊಂಡು ನೋಡಿದ. ಹೌದು. ಕ್ಯಾಪಿನ ಸಣ್ಣ ಗುಂಡಿ, ಅಂದ್ರೆ ಸತ್ತ ಬ್ಯಾಟರಿಗೆ ಯಾವುದು ಪ್ಲಸ್ ಆಗಿತ್ತೋ ಅದು, ಹೊಸ ಬ್ಯಾಟರಿಯ ದೊಡ್ಡ ಗುಂಡಿ ಒಳಗೆ, ಅಂದ್ರೆ ಮೈನಸ್ಸಲ್ಲಿ ಕೂತಿತ್ತು. ಬೇರೆ ತರ ಕೂರೋಕೆ ಸಾಧ್ಯನೇ ಇಲ್ಲ. ಬ್ಯಾಟರಿ ಆಗಿದ್ದಾಗ ಅದು ಪ್ಲಸ್ಸು, ಕ್ಲಿಪ್ ಆದ ತಕ್ಷಣ ಮೈನಸ್ಸು.

ಆದ್ರೂ ಸಿವಿಲ್‌ನವನ ಮಾತು ಹಂಗೇ ಒಪ್ಕೊಳೋಕೆ ಮನಸ್ಸು ಬರಬೇಕಲ್ಲ. ಮೀಟರ್ ಹಿಂದಿನ ಮುಚ್ಚಳ ತೆಗೆದು ಅದರ ಕ್ಲಿಪ್ ಹೊರಗೆ ಎಳೆದ, ಫ್ಯಾಕ್ಟರಿಲಿ ಮಾಡಿದ್ದು, ಕರಿ ಪ್ಲಾಸ್ಟಿಕ್ಕು. ಕೆಂಪು ವೈರ್ ಹೋಗಿದ್ದು ದೊಡ್ಡ ಗುಂಡಿಗೆ. ಅಷ್ಟೊತ್ತಿಂದ ಅದು ಮೇಜಿನ ಮೇಲೇ ಬಿದ್ದಿತ್ತು.

"ವೈರ್ ಕಿತ್ತು ಅದಲುಬದಲು ಚುಚ್ಚು, ಮುಗೀತು" ಅಂದ ಈರಣ್ಣ. ಅದೂ ಕೆಲಸ ಮಾಡುತ್ತೆ, ಕಪ್ಪನ್ನ ಪ್ಲಸ್ ಗೆರೆಗೆ ಹಾಕಿದ್ರೆ ಕರೆಂಟಿಗೇನು ಬಣ್ಣ ಗೊತ್ತಾ. ಪ್ರಜ್ವಲ್ ಒಪ್ಪಲಿಲ್ಲ, ಬೆಳಿಗ್ಗೆ ಅವಸರದಲ್ಲಿ ಇವನೇ ಮರೆತು ಕೆಂಪನ್ನ ಕೆಂಪಿಗೆ ಚುಚ್ಚಿದ್ರೆ ಐಸಿ ಹೋಯ್ತು. ಐರನ್ ಮತ್ತೆ ಬಿಸಿಗಿಟ್ಟ. ಕಾಯೋ ಹೊತ್ತಲ್ಲಿ ವಾರ್ಡನ್ ಚಪ್ಪಲಿ ಸದ್ದು ಕೇಳಿ ಈರಣ್ಣ ಕಿಟಕಿ ತೆಗೆದು ಒಂದು ಊದಿನಕಡ್ಡಿ ಹಚ್ಚಿದ, ಅವರು ಬಾಗಿಲಿಂದಾನೇ "ಏನ್ರಪಾ, ಇಷ್ಟೊತ್ತಿಗೆ ಪೂಜಿ?" ಅಂದ್ರು, "ನಾಳೆ ಲ್ಯಾಬ್ ಐತ್ರೀ ಸರ್" ಅಂದ, ಅವರು ನಕ್ಕು ಮುಂದೆ ಹೋದ್ರು.

ಎರಡೂ ವೈರ್ ಬಿಡಿಸಿ ಬದಲಾಯಿಸಿದ. ಈ ಸಲದ ಬೆಸುಗೆ ಮೊದಲಿನಷ್ಟು ಚೆಂದ ಬರಲಿಲ್ಲ, ಉಂಡೆ ಉಂಡೆ. ಎಲ್‌ಇಡಿನ ಉದ್ದ ಕಾಲು ಪ್ಲಸ್ಸಿಗೆ ಹಾಕಿದ, ಉರೀತು. ಲೆಕ್ಕದ ಪ್ರಕಾರ 15 ಮಿಲಿ ಆಂಪ್ ಹತ್ರ ಬರ್ಬೇಕು, ಕಣ್ಣಿಗೆ ಹೊಡೆಯೋಷ್ಟು ಬೆಳಕಿತ್ತು. ಆಮೇಲೆ 555, 1 ಕೆ, 68 ಕೆ, ಆ ಕೆಪಾಸಿಟರು, ಔಟ್‌ಪುಟ್ ಮೂರನೇ ಪಿನ್ನಿಂದ ರೆಸಿಸ್ಟರ್ ದಾಟಿ ಎಲ್‌ಇಡಿ. ಬ್ಯಾಟರಿ ಒತ್ತಿ ಮೊದಲು ಐಸಿ ಮೇಲೆ ಬೆರಳಿಟ್ಟು ನೋಡಿದ, ತಣ್ಣಗಿತ್ತು. ಎಲ್‌ಇಡಿ ಮಿಟುಕ್ತಾ ಇತ್ತು.

"ನನ್ನ ಸೆಲ್ ಕೊಡು" ಅಂದ ಈರಣ್ಣ.

ಬೆಳಿಗ್ಗೆ ಲ್ಯಾಬಲ್ಲಿ ಮೇಡಂ ಫ್ರೀಕ್ವೆನ್ಸಿ ಫಾರ್ಮುಲಾ ಕೇಳಿದ್ರು, ಹೇಳಿದ. 1.44 ಯಾಕೆ ಬಂತು ಅಂತ ಕೇಳಿದ್ರು, ತಡವರಿಸಿದ. ಕ್ಲಿಪ್ ಕಡೆ ಮೇಡಂ ತಿರುಗಿನೂ ನೋಡಲಿಲ್ಲ. ಸಂಜೆ ಸಂತೋಷಣ್ಣ ಬಂದು ಮೀಟರ್ ಇಸ್ಕೊಂಡ, "ಡೆಮೋ ಮುಗೀತಲ್ಲ" ಅಂತ ಹೊಸ ಬ್ಯಾಟರಿನೂ ಎತ್ಕೊಂಡು ಮೀಟರಿಗೆ ಹಾಕ್ಕೊಂಡು ಹೋದ.