ಬಿತ್ತನೆ ಆಲೂಗೆಡ್ಡೆ ವರದಿ ಕುರಿತ ಲೀಗಲ್ ನೋಟಿಸಿಗೆ ಸಂಪಾದಕರ ಉತ್ತರ

ಹಾಸನ
ದಿನಾಂಕ: 19-09-2025
ಸ್ಪೀಡ್ ಪೋಸ್ಟ್ ಮೂಲಕ

ಗೆ,
ನೋಟಿಸ್ ನೀಡಿರುವ ವಕೀಲರಿಗೆ,
ಜಿಲ್ಲಾ ನ್ಯಾಯಾಲಯದ ಆವರಣ, ಹಾಸನ

ವಿಷಯ: ನಮ್ಮ ವಾರಪತ್ರಿಕೆಯ 21-08-2025ರ ಸಂಚಿಕೆಯಲ್ಲಿ ಬಿತ್ತನೆ ಆಲೂಗೆಡ್ಡೆ ಮಾರಾಟದ ಬಗ್ಗೆ ಪ್ರಕಟವಾದ ತನಿಖಾ ವರದಿ
ಉಲ್ಲೇಖ: ತಮ್ಮ ದಿನಾಂಕ 04-09-2025ರ ನೋಟಿಸ್

ಮಾನ್ಯರೆ,

ಉಲ್ಲೇಖಿತ ನೋಟಿಸ್ 08-09-2025ರಂದು ನಮ್ಮ ಕೈಸೇರಿದೆ. ವರದಿಯಿಂದ ತಮ್ಮ ಕಕ್ಷಿದಾರರ ಮಾನಹಾನಿಯಾಗಿದೆ ಎಂದು ದೂರಿ, ಹದಿನೈದು ದಿನಗಳೊಳಗೆ ಮುಖಪುಟದಲ್ಲಿ ಬೇಷರತ್ ಕ್ಷಮೆಯಾಚಿಸಬೇಕು, ವರದಿಯನ್ನು ಹಿಂಪಡೆಯಬೇಕು, ಮಾಹಿತಿ ಕೊಟ್ಟವರ ಹೆಸರು ತಿಳಿಸಬೇಕು ಮತ್ತು ಐವತ್ತು ಲಕ್ಷ ರೂಪಾಯಿ ಪರಿಹಾರ ನೀಡಬೇಕು ಎಂದು ತಾವು ಕೇಳಿದ್ದೀರಿ. ನಮ್ಮ ವಕೀಲರ ಸಲಹೆ ಪಡೆದು, ಪತ್ರಿಕೆಯ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿಕೊಂಡು ಈ ಉತ್ತರ ಬರೆಯುತ್ತಿದ್ದೇನೆ. ಒಂದು ವಿಷಯದಲ್ಲಿ ತಮ್ಮ ಆಕ್ಷೇಪ ಸರಿಯಾಗಿದ್ದು, ಅದನ್ನು ತಿದ್ದಿದ್ದೇವೆ. ಉಳಿದ ಬೇಡಿಕೆಗಳನ್ನು ಒಪ್ಪಲು ಸಾಧ್ಯವಿಲ್ಲ.

ನೋಟಿಸಿನ ಎರಡನೇ ಕಂಡಿಕೆಯಲ್ಲಿ, ವರದಿಯು ತಮ್ಮ ಕಕ್ಷಿದಾರರನ್ನು ‘ವಂಚಕ’ ಎಂದು ಕರೆದಿದೆ ಎಂದು ಹೇಳಲಾಗಿದೆ. ಆ ಪದ ವರದಿಯ ಯಾವ ಸಾಲಿನಲ್ಲಿಯೂ ಇಲ್ಲ. ಶೀರ್ಷಿಕೆಯಲ್ಲಿಯೂ ಇಲ್ಲ, ಚಿತ್ರದ ಅಡಿಬರಹದಲ್ಲಿಯೂ ಇಲ್ಲ. ನಾವು ಬರೆದಿರುವುದು ಇಷ್ಟು: ಸಾಲಗಾಮೆ ಮತ್ತು ದುದ್ದ ಹೋಬಳಿಗಳ ಹನ್ನೊಂದು ಮಂದಿ ರೈತರು ಕಳೆದ ಮೇ ತಿಂಗಳಿನಲ್ಲಿ ತಮ್ಮ ಕಕ್ಷಿದಾರರ ಮಳಿಗೆಯಿಂದ ಕುಫ್ರಿ ಜ್ಯೋತಿ ತಳಿಯ ಪ್ರಮಾಣಿತ ಬೀಜವೆಂದು ಆಲೂಗೆಡ್ಡೆ ಖರೀದಿಸಿದರು, ಬಿತ್ತಿದ ಗೆಡ್ಡೆಗಳಲ್ಲಿ ಬಹುಪಾಲು ಮೊಳೆಯದೆ ಮಣ್ಣಿನಲ್ಲೇ ಕೊಳೆತವು, ಮತ್ತು ಅವರ ಬಳಿ ಉಳಿದಿದ್ದ ಚೀಲಗಳ ಪ್ರಮಾಣಪತ್ರದ ಚೀಟಿಗಳು ಪ್ರಶ್ನೆಗಳನ್ನು ಹುಟ್ಟಿಸುತ್ತವೆ. ಚೀಟಿ ಅಂಟಿಸಿದವರು ಯಾರು, ಎಲ್ಲಿ ಅಂಟಿಸಿದರು ಎಂಬುದನ್ನು ನಾವು ಎಲ್ಲಿಯೂ ತೀರ್ಮಾನಿಸಿ ಹೇಳಿಲ್ಲ. ಹನ್ನೊಂದು ಮಂದಿಯಲ್ಲಿ ಮೂವರ ಬಳಿ ರಶೀದಿ ಇಲ್ಲ ಎಂಬುದನ್ನೂ, ಕೊಳೆಯಲು ಮಳೆಯೂ ಕಾರಣವಾಗಿರಬಹುದು ಎಂಬ ತೋಟಗಾರಿಕೆ ಅಧಿಕಾರಿಯೊಬ್ಬರ ಅಭಿಪ್ರಾಯವನ್ನೂ ಅದೇ ಪುಟದಲ್ಲಿ ಕೊಟ್ಟಿದ್ದೇವೆ. ಇವು ತಮ್ಮ ಕಕ್ಷಿದಾರರಿಗೆ ಅನುಕೂಲವಾಗುವ ಸಂಗತಿಗಳೇ ಆಗಿದ್ದರೂ ನೋಟಿಸಿನಲ್ಲಿ ಇವುಗಳ ಉಲ್ಲೇಖವಿಲ್ಲ.

ಚೀಟಿಗಳ ಬಗ್ಗೆ ನೋಟಿಸಿನ ವಾದವನ್ನು ತುಸು ವಿವರವಾಗಿ ಉತ್ತರಿಸಬೇಕಾಗಿದೆ, ಏಕೆಂದರೆ ಇಡೀ ವಿವಾದ ನಿಂತಿರುವುದು ಅದರ ಮೇಲೆ. ಒಂದೇ ಲಾಟಿನ ಚೀಲಗಳಿಗೆ ಒಂದೇ ಲಾಟ್ ನಂಬರ್ ಇರುವುದು ಸಹಜ, ಇದನ್ನು ಅರಿಯದೆ ಪತ್ರಿಕೆ ರೈತರನ್ನು ದಾರಿ ತಪ್ಪಿಸಿದೆ ಎಂದು ತಾವು ಬರೆದಿದ್ದೀರಿ. ಲಾಟ್ ನಂಬರ್ ಒಂದೇ ಇರುವುದು ಸಹಜ ಎಂಬುದನ್ನು ವರದಿಯೂ ಹೇಳಿದೆ. ನಾವು ಬೆರಳಿಟ್ಟು ತೋರಿಸಿದ್ದು ಲಾಟ್ ನಂಬರನ್ನಲ್ಲ, ಚೀಟಿಯ ಕ್ರಮಸಂಖ್ಯೆಯನ್ನು. ಪ್ರಮಾಣಿತ ಬೀಜಕ್ಕೆ ಕೊಡುವ ನೀಲಿ ಚೀಟಿಗೆ ಪ್ರತ್ಯೇಕ ಕ್ರಮಸಂಖ್ಯೆ ಇರುತ್ತದೆ. ಎರಡು ಚೀಲಗಳಿಗೆ ಒಂದೇ ಸಂಖ್ಯೆ ಬರಲು ಆಸ್ಪದವಿಲ್ಲ. ಈ ಪತ್ರ ಬರೆಯುವಾಗ ಮೂರು ಚೀಟಿಗಳು ನನ್ನ ಮೇಜಿನ ಮೇಲಿವೆ. ಒಂದರ ತುದಿಗೆ ಚೀಲ ಹೊಲಿದ ದಾರದ ತುಣುಕು ಇನ್ನೂ ಸಿಕ್ಕಿಕೊಂಡಿದೆ, ಇನ್ನೊಂದು ಮಳೆಯಲ್ಲಿ ನೆನೆದು ಮಸಿ ಹರಡಿದೆ, ಮೂರನೆಯದರ ಮಡಿಕೆಯಲ್ಲಿ ಕೆಮ್ಮಣ್ಣು ಒಣಗಿ ಕುಳಿತಿದೆ. ಮೂರು ಬೇರೆ ಬೇರೆ ಊರುಗಳ ಮೂವರು ರೈತರು, ಬೇರೆ ಬೇರೆ ದಿನಾಂಕದ ರಶೀದಿಯೊಂದಿಗೆ ಇವುಗಳನ್ನು ನಮಗೆ ಒಪ್ಪಿಸಿದ್ದಾರೆ. ಮೂರರ ಮೇಲೂ ಇರುವುದು ಒಂದೇ ಕ್ರಮಸಂಖ್ಯೆ. ಚೀಟಿಯಲ್ಲಿ ಹೆಸರಿರುವ ಪ್ರಮಾಣೀಕರಣ ಸಂಸ್ಥೆಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನಾವು ಅರ್ಜಿ ಸಲ್ಲಿಸಿದಾಗ, ಆ ಸಂಖ್ಯೆಯ ಚೀಟಿಯನ್ನು ಆಲೂಗೆಡ್ಡೆಗೆ ನೀಡಿಲ್ಲ ಎಂಬ ಲಿಖಿತ ಉತ್ತರ ಬಂದಿದೆ. ಅದರ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಮೂಲ ಚೀಟಿಗಳು ನಮ್ಮ ಕಚೇರಿಯಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿರುತ್ತವೆ. ಪೂರ್ವಸೂಚನೆ ನೀಡಿದರೆ ತಾವು ಬಂದು ನೋಡಬಹುದು.

ಕಕ್ಷಿದಾರರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಲಿಲ್ಲ ಎಂಬ ಆರೋಪ ದಾಖಲೆಗೆ ವಿರುದ್ಧವಾಗಿದೆ. ನಮ್ಮ ವರದಿಗಾರರು ಆಗಸ್ಟ್ 11 ಮತ್ತು 13ರಂದು ಮಳಿಗೆಗೆ ಹೋಗಿದ್ದರು. 14ರಂದು ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಕೈಯಾರೆ ತಲುಪಿಸಿದ್ದು, ಮಳಿಗೆಯ ಗುಮಾಸ್ತರು ಸಹಿ ಮಾಡಿ ಪಡೆದಿದ್ದಾರೆ. 18ರಂದು ದೂರವಾಣಿಯಲ್ಲಿ ಮಾತನಾಡಿದ ಕಕ್ಷಿದಾರರು, “ಬೇಕಾದ್ದು ಬರ್ಕೊಳ್ಳಿ, ಕೋರ್ಟಲ್ಲಿ ನೋಡ್ಕೋತೀವಿ” ಎಂದರು. ಆ ಮಾತನ್ನು ವರದಿಯ ಮೂರನೇ ಕಾಲಂನಲ್ಲಿ ಇದ್ದ ಹಾಗೆಯೇ ಪ್ರಕಟಿಸಿದ್ದೇವೆ.

ತಮ್ಮ ಆರನೇ ಕಂಡಿಕೆ ಮಾತ್ರ ಸರಿಯಾಗಿದೆ. ಕಕ್ಷಿದಾರರ ಗೋದಾಮು ಎಪಿಎಂಸಿ ಆವರಣದ ಒಳಗಿದೆ ಎಂದು ನಾವು ಬರೆದಿದ್ದೆವು. ಅದು ಆವರಣದ ಹೊರಗಿದೆ. ಈ ತಪ್ಪು ವರದಿಗಾರರದಲ್ಲ, ಪುಟ ಸಿದ್ಧಪಡಿಸುವಾಗ ನನ್ನ ಕಣ್ಣು ತಪ್ಪಿ ಆದದ್ದು. ನಿನ್ನೆಯ ಸಂಚಿಕೆಯ ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಿ ವಿಷಾದ ವ್ಯಕ್ತಪಡಿಸಿದ್ದೇವೆ.

ಕಾನೂನಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನೋಟಿಸು ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳನ್ನು ಉಲ್ಲೇಖಿಸಿದೆ. 2024ರ ಜುಲೈ 1ರಿಂದ ಈಚಿನ ಪ್ರಕಟಣೆಗೆ ಅನ್ವಯವಾಗುವುದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಸತ್ಯವಾದ ಸಂಗತಿಯನ್ನು ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸುವುದು ಮಾನಹಾನಿಯಲ್ಲ ಎಂಬುದು ಅದರ ಮೊದಲನೇ ವಿನಾಯಿತಿ. ಸಾರ್ವಜನಿಕ ದಾಖಲೆಗಳನ್ನು ಆಧರಿಸಿದ ಪ್ರಕಟಣೆಯ ಬಗ್ಗೆ ಸುಪ್ರೀಂ ಕೋರ್ಟ್ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿರುವುದು ತಮಗೆ ತಿಳಿದಿರುತ್ತದೆ. ಸಾಲ ಮಾಡಿ ಬಿತ್ತನೆ ಆಲೂಗೆಡ್ಡೆ ಕೊಳ್ಳುವ ರೈತನಿಗೆ ಚೀಲದ ಮೇಲಿನ ಚೀಟಿಯನ್ನು ಬಿಟ್ಟರೆ ಬೇರೆ ಭರವಸೆಯಿಲ್ಲ. ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿದ ಮಾತ್ರಕ್ಕೆ ಅದು ಬೀಜಕ್ಕೆಂದು ಬೆಳೆದದ್ದೋ ಸಾರಿಗೆಂದು ಬೆಳೆದದ್ದೋ ತಿಳಿಯುವುದಿಲ್ಲ. ಆದ್ದರಿಂದ ಚೀಟಿ ನಿಜವೋ ಅಲ್ಲವೋ ಎಂಬುದು ಹಾಸನದ ಆಲೂಗೆಡ್ಡೆ ಬೆಳೆಗಾರರೆಲ್ಲರಿಗೂ ಸಂಬಂಧಿಸಿದ ವಿಷಯ. ಇದಕ್ಕಿಂತ ಸ್ಪಷ್ಟವಾದ ಸಾರ್ವಜನಿಕ ಹಿತ ನನಗೆ ಕಾಣುತ್ತಿಲ್ಲ.

ಮಾಹಿತಿ ಕೊಟ್ಟವರ ಹೆಸರನ್ನು ತಿಳಿಸುವುದಿಲ್ಲ. ಅವರಲ್ಲಿ ಗೋದಾಮಿನಲ್ಲಿ ಮೂಟೆ ಹೊರುವವರೂ ಇದ್ದಾರೆ. ಹೆಸರು ಹೊರಬಿದ್ದ ಮರುದಿನವೇ ಅವರಿಗೆ ಕೆಲಸವಿರುವುದಿಲ್ಲ. ಅವರು ನಮ್ಮನ್ನು ನಂಬಿ ಮಾತನಾಡಿದ್ದಾರೆ, ಆ ನಂಬಿಕೆಯನ್ನು ಮುರಿಯುವುದು ನನ್ನಿಂದಾಗದು.

ಇನ್ನೊಂದು ವಿಷಯವನ್ನು ತಮ್ಮ ಗಮನಕ್ಕೆ ತರಲೇಬೇಕು. ನೋಟಿಸ್ ಬಂದ ನಂತರ ಮೂರು ಬಾರಿ ನಮ್ಮ ವರದಿಗಾರರ ಮನೆಗೆ ರಾತ್ರಿ ಹೊತ್ತು ಕರೆ ಮಾಡಿ, ಅವರ ವೃದ್ಧ ತಾಯಿಯ ಬಳಿ “ಮಗನಿಗೆ ಬುದ್ಧಿ ಹೇಳಿ” ಎನ್ನಲಾಗಿದೆ. ಕರೆ ಮಾಡಿದವರು ಯಾರೆಂದು ನಾನು ಊಹಿಸುವುದಿಲ್ಲ. ಕರೆಗಳ ವಿವರವನ್ನು ಪೊಲೀಸ್ ಠಾಣೆಗೆ ಲಿಖಿತವಾಗಿ ನೀಡಲಾಗಿದೆ. ವರದಿಯನ್ನು ಓದಿ, ತಿದ್ದಿ, ಪ್ರಕಟಣೆಗೆ ಒಪ್ಪಿದವನು ನಾನು. ಅದರ ಪೂರ್ಣ ಹೊಣೆ ನನ್ನದು. ಈ ವಿಚಾರದಲ್ಲಿ ಏನೇ ಹೇಳುವುದಿದ್ದರೂ ನನಗೆ ಹೇಳುವಂತೆ ತಮ್ಮ ಕಕ್ಷಿದಾರರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಕ್ಷಮೆಯಾಚನೆ, ವರದಿಯ ಹಿಂಪಡೆಯುವಿಕೆ ಮತ್ತು ಪರಿಹಾರದ ಬೇಡಿಕೆಗಳನ್ನು ನಿರಾಕರಿಸುತ್ತಿದ್ದೇವೆ. ತಮ್ಮ ಕಕ್ಷಿದಾರರು ನ್ಯಾಯಾಲಯದ ಮೊರೆ ಹೋದರೆ ಅಲ್ಲಿ ಇದೇ ದಾಖಲೆಗಳೊಂದಿಗೆ ಹಾಜರಾಗುತ್ತೇವೆ. ಬೀಜ ಎಲ್ಲಿಂದ ಬಂತು, ಸಾಗಣೆಯ ಬಿಲ್ಲು ಯಾವುದು, ಮೂರು ಚೀಲಗಳಿಗೆ ಒಂದೇ ಕ್ರಮಸಂಖ್ಯೆ ಹೇಗೆ ಬಂತು ಎಂಬುದಕ್ಕೆ ಅವರು ಸಹಿ ಮಾಡಿದ ಉತ್ತರ ಕಳುಹಿಸಿದರೆ, ವರದಿ ಬಂದ ಪುಟದಲ್ಲಿಯೇ, ಒಂದು ಪದವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ. ಸೆಪ್ಟೆಂಬರ್ 30ರ ಸಂಜೆಯೊಳಗೆ ಅದು ತಲುಪಿದರೆ ಅಕ್ಟೋಬರ್ 2ರ ಸಂಚಿಕೆಯಲ್ಲಿ ಅದಕ್ಕಾಗಿ ಜಾಗ ಕಾಯ್ದಿರಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಸಂಪಾದಕ ಮತ್ತು ಪ್ರಕಾಶಕ

ಲಗತ್ತು: ಮಾಹಿತಿ ಹಕ್ಕು ಅರ್ಜಿಗೆ ಬಂದ ಉತ್ತರ, ಮೂರು ಚೀಟಿಗಳ ಮತ್ತು ರಶೀದಿಗಳ ಛಾಯಾಪ್ರತಿ, ಗುಮಾಸ್ತರ ಸಹಿಯುಳ್ಳ ಪ್ರಶ್ನೆಪಟ್ಟಿ, 18-09-2025ರ ಸಂಚಿಕೆಯ ತಿದ್ದುಪಡಿ.